ಕೋಣನಕುಂಟೆಯ ಅಭ್ಯಾಸಪತ್ರ: ಒಂದು ಪಾಠವಿಮರ್ಶೆ

ಕೋಣನಕುಂಟೆಯ ಮನೆಯೊಂದರ ಊಟದ ಮೇಜಿನ ಮೇಲೆ ಓರೆಯಾಗಿ ಫೋಟೋ ತೆಗೆಯಲ್ಪಟ್ಟು, ರಾತ್ರಿ ಒಂಬತ್ತೂವರೆಯ ಸುಮಾರಿಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಗೊಂಡ ಕನ್ನಡ ವ್ಯಾಕರಣದ ಹಾಳೆಯೊಂದನ್ನು ವಿದ್ವಲ್ಲೋಕವು ಇದುವರೆಗೆ ಉಪೇಕ್ಷಿಸಿರುವುದು ಖೇದಕರ. ಪದಗಳನ್ನು ಬಿಡಿಸಿ ಬರೆದು ಸಂಧಿ ಸಮಾಸಗಳನ್ನು ಹೆಸರಿಸಬೇಕೆಂಬುದು ಅದರ ಶಾಸನ. ಮೂಲಪ್ರತಿಯು ಶಾಲೆಯ ಚೀಲದಲ್ಲಿ ಟಿಫಿನ್ ಡಬ್ಬಿಯ ಸಾರಿಗೆ ಆಹುತಿಯಾದ ಕಾರಣ, ಈ ಫೋಟೋವೇ ನಮಗುಳಿದಿರುವ ಏಕೈಕ ಆಕರ.

ಮೊದಲ ಪದ 'ಬೆಟ್ಟದಾವರೆ'. ಗುಂಪಿನ ಆದ್ಯ ಭಾಷ್ಯಕಾರರು ಇದನ್ನು 'ಬೆಟ್ಟದ + ಅವರೆ' ಎಂದು ಬಿಡಿಸಿದರು. ಮಾಗಿಯ ಬೆಂಗಳೂರಿನಲ್ಲಿ ಯಾರಿಗಾದರೂ ಅವರೆಯ ಸ್ಮರಣೆಯಾಗುವುದು ಸ್ವಾಭಾವಿಕವೇ. ಆದರೆ ಅಕಾರಕ್ಕೆ ಅಕಾರ ಪರವಾದಾಗ ಕನ್ನಡದ ಲೋಪಸಂಧಿಯು ಪೂರ್ವಸ್ವರವನ್ನು ಅಳಿಸಿ 'ಬೆಟ್ಟದವರೆ' ಎಂದು ಹ್ರಸ್ವವನ್ನೇ ಉಳಿಸುತ್ತಿತ್ತಲ್ಲದೆ ದೀರ್ಘವನ್ನು ದಯಪಾಲಿಸುತ್ತಿರಲಿಲ್ಲ. ದೀರ್ಘವನ್ನು ಕೊಡುವ ಸವರ್ಣದೀರ್ಘವು ದೇವಾಲಯದಂತಹ ಸಂಸ್ಕೃತ ಪದಗಳ ಸೊತ್ತು, ಅವರೆಕಾಯಿಗೆ ಅದರಲ್ಲಿ ಹಕ್ಕಿಲ್ಲ. ಆ ದೀರ್ಘವು ತಾವರೆಯದು. ಬೆಟ್ಟ + ತಾವರೆ ಎಂದಾಗ ತಕಾರಕ್ಕೆ ದಕಾರವು ಆದೇಶವಾಗಿ ಬಂದಿತು; ಬೆಟ್ಟದ ತಾವರೆ ಎಂದು ವಿಗ್ರಹಿಸಿದರೆ ತತ್ಪುರುಷ.

ಇನ್ನು ಎರಡನೆಯ ಪದ, ಈ ಪ್ರಬಂಧದ ಪ್ರಾಣ. ಹಾಳೆಯ ಬಲ ಅಂಚು ಫೋಟೋದಲ್ಲಿ ಕತ್ತರಿಸಿಹೋಗಿರುವುದರಿಂದ 'ಹಣೆಗಣ್ಣ' ಎಂಬಷ್ಟೇ ಕಾಣುತ್ತದೆ. ಮುಂದೆ ಕೊಂಬಿತ್ತೋ ಇಲ್ಲವೋ ತಿಳಿಯದು. ಸಂಧಿಯ ಮಟ್ಟಿಗೆ ಬಾಧಕವಿಲ್ಲ: ಹೇಗಿದ್ದರೂ ಕಕಾರ ಗಕಾರವಾಗಿದೆ, ಆದೇಶಸಂಧಿ. ಸಮಾಸದಲ್ಲಿ ಮಾತ್ರ ಆ ಕೊಂಬಿಗೆ ಪ್ರಳಯಶಕ್ತಿಯಿದೆ. ಕೊಂಬಿದ್ದರೆ 'ಹಣೆಗಣ್ಣು', ಹಣೆಯ ಕಣ್ಣು; ಉತ್ತರಪದವಾದ ಕಣ್ಣಿನ ಅರ್ಥವೇ ಮುಖ್ಯವಾದುದರಿಂದ ತತ್ಪುರುಷ. ಕೊಂಬಿಲ್ಲದಿದ್ದರೆ ಹಣೆಯಲ್ಲಿ ಕಣ್ಣುಳ್ಳವನು ಯಾವನೋ ಅವನು. ಹಣೆಯೂ ಅಲ್ಲದ ಕಣ್ಣೂ ಅಲ್ಲದ ಅನ್ಯನಾದ ಶಿವನು ಅರ್ಥವಾಗಿ ನಿಲ್ಲುವುದರಿಂದ ಬಹುವ್ರೀಹಿ. ಕೆಳಗಿನ ಸಾಲಿನಲ್ಲಿ 'ಮುಕ್ಕಣ್ಣ' ಎಂದು ಪೂರ್ಣವಾಗಿ ಕಾಣುವುದನ್ನು ಸಾಕ್ಷ್ಯವಾಗಿಟ್ಟುಕೊಂಡು ಅಧ್ಯಾಪಕರು ಶಿವನ ಎರಡು ಹೆಸರುಗಳನ್ನು ಜೋಡಿಯಾಗಿಟ್ಟಿದ್ದಾರೆಂದು ಊಹಿಸಿ ನಾವು ಬಹುವ್ರೀಹಿಯ ಪಕ್ಷವನ್ನು ಹಿಡಿದಿದ್ದೇವೆ. ಕೋಣನ ಊರಿನಲ್ಲಿಯೇ ಕೊಂಬು ಕಾಣೆಯಾದುದನ್ನು ಕುರಿತು ಟೀಕೆ ಅನವಶ್ಯಕ.

ಹಾಳೆಯಲ್ಲಿಲ್ಲದಿದ್ದರೂ ಊರಿನ ಹೆಸರನ್ನು ಬಿಡುವುದು ವಿಮರ್ಶಕನಿಗೆ ಶೋಭೆಯಲ್ಲ. 'ಕೋಣನಕುಂಟೆ'ಯಲ್ಲಿ ಷಷ್ಠಿಯ ಪ್ರತ್ಯಯ ಅಳಿಯದೆ ನಿಂತಿದೆ, ಕಕಾರವೂ 'ಗುಂಟೆ'ಯಾಗಲೊಪ್ಪಿಲ್ಲ. ಅದಕ್ಕೆ 'ಕ್ರಾಸ್' ಎಂಬುದನ್ನು ಕೂಡಿಸಿದರೆ ಅರಿಸಮಾಸವೇ ಎಂದು ಗುಂಪಿನಲ್ಲೊಬ್ಬರು ಕೇಳಿದರು. ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದ ಕೇಶಿರಾಜನು ದೋಷವೆಂದುದು ಕನ್ನಡ ಸಂಸ್ಕೃತಗಳ ಕೂಟವನ್ನು. ಕನಕಪುರ ರಸ್ತೆಯ ಮೆಟ್ರೋ ನಿಲ್ದಾಣವು ಆತನ ಅಧಿಕಾರವ್ಯಾಪ್ತಿಗೆ ಒಳಪಡದು.

ಆದಕಾರಣ ಪೋಷಕ ಮಹಾಶಯರಲ್ಲಿ ವಿಜ್ಞಾಪನೆ: ಹಾಳೆಯ ನಾಲ್ಕು ಅಂಚುಗಳೂ ಕಾಣುವಂತೆ ಇನ್ನೊಂದು ಫೋಟೋವನ್ನು ಇಂದು ರಾತ್ರಿಯೇ ಕಳುಹಿಸಿಕೊಡಬೇಕು.