ಪ್ಯಾಚ್ ಹಾಕಿದ ಮೇಲೆ, ಗಲ್ಲಾ ತೆರೆಯುವ ಮುನ್ನ: ಸಾವ್ಕಾರರ ಕೈಪಿಡಿ

ರಾಯಚೂರಿನಲ್ಲಿ ದೊಡ್ಡಂಗಡಿ, ದೇವದುರ್ಗ ಮತ್ತು ಮಾನ್ವಿಯಲ್ಲಿ ಒಂದೊಂದು ಶಾಖೆ ಇಟ್ಟುಕೊಂಡು ಟ್ರ್ಯಾಕ್ಟರ್ ಸಾಮಾನು, ಡ್ರಿಪ್ ಪೈಪು ಮಾರುವವರಿಗಾಗಿ ಈ ಕೈಪಿಡಿ. ಸಾಫ್ಟ್‌ವೇರಿನವನು ಫೋನಿನಲ್ಲಿ "ಸಣ್ಣ ಅಪ್‌ಡೇಟ್ ಐತ್ರಿ, ಏನೂ ಆಗಂಗಿಲ್ಲ" ಅಂದ ಕೂಡಲೇ ತೆರೆಯತಕ್ಕದ್ದು.

ಬೇಕಾಗುವ ಸಾಮಗ್ರಿ: ಅಂಗಡಿಯ ಲೆಕ್ಕದ ಬ್ಯಾಕಪ್ ಹಾಕಿದ ಬೇರೆ ಕಂಪ್ಯೂಟರ್, ಒಂದು ನೋಟ್‌ಬುಕ್, ಯಾರ ಮಾತನ್ನೂ ನಂಬದ ಗುಮಾಸ್ತ. ಮೂರನೆಯದು ಪೇಟೆಯಲ್ಲಿ ಸಿಗುವುದು ಕಷ್ಟ.

ಮೊದಲು ನೋಟ್‌ಬುಕ್ಕಿನಲ್ಲಿ ದುಡ್ಡು ಅಥವಾ ಮಾಲು ಕೈ ಬದಲಿಸುವ ಕೆಲಸಗಳನ್ನು ಮಾತ್ರ ಬರೆಯಿರಿ: ನಗದು ಬಿಲ್, ಉದ್ರಿ ಬಿಲ್, ಮಾಲು ವಾಪಸ್ಸು, ದೇವದುರ್ಗಕ್ಕೆ ಮಾಲು ರವಾನೆ, ಹಳೇ ಬಿಲ್ಲಿನ ಮರುಮುದ್ರಣ, ರಾತ್ರಿಯ ಲೆಕ್ಕ. ಗುಂಡಿಯ ಬಣ್ಣ ಬದಲಾಗಿದೆ ಎಂಬ ದೂರನ್ನು ಸೇರಿಸಬೇಡಿ. ಪ್ರತಿ ಸಾಲಿನ ಎದುರು ದಿನಾಂಕ, ಸರಕು, ಬರಬೇಕಾದ ಮೊತ್ತ ಇರಲಿ. ಮೊತ್ತವನ್ನು ಪ್ಯಾಚ್‌ಗೆ ಮುಂಚೆಯೇ ಕೈಯಿಂದ ಲೆಕ್ಕ ಹಾಕಿ. ಆಮೇಲೆ ಬರೆದರೆ ಪರದೆ ತೋರಿಸಿದ್ದೇ ಸರಿ ಅನ್ನಿಸುತ್ತದೆ.

ಈಗ ಒಂದು ಸಾಲು ನೋಡೋಣ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಿಂದಿನ ಟೈರಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಮಾನ್ವಿಯ ರೈತರೊಬ್ಬರು 20ರಂದು 20,000 ರೂಪಾಯಿಯ ಟೈರಿಗೆ ತೆರಿಗೆ ಸೇರಿ 23,600 ಕೊಟ್ಟರು. 25ರಂದು, ಬಳಸದೆ, ವಾಪಸ್ಸು ತಂದರು ಎನ್ನಿ. ಹಳೇ ಬಿಲ್ಲಿನ ದರದಲ್ಲೇ ಅಷ್ಟೂ ಹಣ ಮರಳಬೇಕು. ಪ್ಯಾಚ್ ಹಾಕಿದವನು ಹೊಸ ಬಿಲ್ ತೆಗೆದು, 21,000 ಬಂದದ್ದು ಕಂಡು, ಚಹಾ ಕುಡಿಯಲು ಹೋಗಿರುತ್ತಾನೆ. ವಾಪಸ್ಸಿನ ಪರದೆಯೂ 21,000 ಅನ್ನುತ್ತದೆ; ಅದು ದರವನ್ನು ಮೂಲ ಬಿಲ್ಲಿನಿಂದಲ್ಲ, ಸರಕಿನ ಪಟ್ಟಿಯಿಂದ ಎತ್ತಿಕೊಳ್ಳುತ್ತಿದೆ. ರೈತರಿಗೆ 2,600 ಖೋತಾ. ಗುಮಾಸ್ತ 20ರ ಬಿಲ್ಲನ್ನು ಮತ್ತೆ ಮುದ್ರಿಸಿ ನೋಡಲಿ: ತೆರಿಗೆ 3,600ರ ಬದಲು 1,000 ಬಂದರೆ ರೋಗ ವಾಪಸ್ಸಿನ ಪರದೆಗಷ್ಟೇ ತಗಲಿದ್ದಲ್ಲ.

ಎಚ್ಚರಿಕೆ: ಪರೀಕ್ಷೆಯ ಬಿಲ್ಲನ್ನು ನಿಜವಾದ ಗಲ್ಲಾದಲ್ಲಿ ತೆಗೆಯಬೇಡಿ, ತಿಂಗಳ ರಿಟರ್ನಿಗೆ ಸೇರಿಬಿಡುತ್ತದೆ. ಪ್ರತಿ ಸಲವೂ ಅದೇ ಬ್ಯಾಕಪ್ಪನ್ನು ಮತ್ತೆ ಹಾಕಿಯೇ ಶುರು ಮಾಡಿ. ಇಲ್ಲವಾದರೆ ಹೋದ ಸಲ ಪರೀಕ್ಷೆಗೆ ಮಾರಿದ ಟೈರು ಸ್ಟಾಕಿನಲ್ಲಿ ಕಡಿಮೆ ಬಿದ್ದು, ಪ್ಯಾಚ್ ಮಾಡದ ತಪ್ಪಿಗೆ ಪ್ಯಾಚ್ ಬೈಸಿಕೊಳ್ಳುತ್ತದೆ.

ಒಂದು ಸಾಲು ಕೆಟ್ಟರೆ ಹಳೇ ಆವೃತ್ತಿಗೆ ಮರಳಬೇಕು ಎಂಬುದು ಪುಸ್ತಕದ ಮಾತು. 22ರ ಬೆಳಿಗ್ಗೆ ಅದು ನಡೆಯದು, ಹಳೆಯದು ಶೇ. 18 ಎಳೆಯುತ್ತಲೇ ಇರುತ್ತದೆ. ಹಾಗಾಗಿ ಪ್ಯಾಚ್ ಇರಲಿ, ವಾಪಸ್ಸಿನ ಪರದೆಗೆ ಮೂರೂ ಕಡೆ ಬೀಗ ಹಾಕಿಸಿ. ಟೈರ್ ಇಳಿಸಿಕೊಂಡು, ಹಳೇ ಬಿಲ್ ನಂಬರ್ ಬರೆದ ಚೀಟಿ ಕೊಟ್ಟು, "ಎರಡ್ ದಿನ ತಡೀರಿ ಅಣ್ಣಾರ, ಪೂರಾ ರೊಕ್ಕ ಕೊಡ್ತೀವಿ" ಎನ್ನಿ.