ಹೆಣ್ಣು ಕೊಂಬೆಯಿಲ್ಲದ ವಂಶವೃಕ್ಷ

ಚಾರ್ಮಾಡಿ ಘಾಟಿಯಲ್ಲಿ ಒಂದು ಗುಡ್ಡ ಜರಿದರೆ ಕೊಟ್ಟಿಗೆಹಾರದಿಂದ ಉಜಿರೆಯವರೆಗೆ ಸುದ್ದಿ. ಅದೇ ಘಾಟಿಯ ಬುಡದಲ್ಲಿ ಎರಡು ಎಕ್ರೆ ಅಡಿಕೆ ತೋಟ, ಅದರೊಳಗಿನ ಮನೆ ಸಮೇತ ಹೆಸರು ಬದಲಾಯಿಸಿದರೆ ಅಂಗಳದ ನಾಯಿಗೂ ಗೊತ್ತಾಗುವುದಿಲ್ಲ.

ಕತೆಯ ಮಗಳು ಮಸ್ಕತ್ತಿನಲ್ಲಿ ನರ್ಸ್. (ಕತೆ ಕಟ್ಟಿದ್ದು, ಓದುವಾಗ ನಿಮ್ಮ ನೆರೆಮನೆ ನೆನಪಾದರೆ ಹೊಣೆ ನಿಮ್ಮದು.) ಹಂಚಿನ ಮಾಡು ಇಳಿಸಿ ತಾರಸಿ ಹಾಕಿದ್ದು ಅವಳ ದುಡ್ಡು. ಮನೆ ದೈವದ ತಂಬಿಲಕ್ಕೆ ವಂತಿಗೆ ಎತ್ತುವಾಗ ಪಟ್ಟಿಯ ಮೊದಲ ಹೆಸರು ಅವಳದು. ಅಪ್ಪ ತೀರಿಕೊಂಡ ಮೇಲೆ ರಜೆಗೆ ಬಂದವಳು ಒಂದು ಸಂಜೆ ಸುಮ್ಮನೆ ಮೊಬೈಲಿನಲ್ಲಿ ಪಹಣಿ ತೆಗೆದಳು. ಒಂಬತ್ತನೇ ಕಾಲಮ್ಮಿನಲ್ಲಿ ಅಪ್ಪನ ಹೆಸರಿಲ್ಲ, ಇಬ್ಬರು ಅಣ್ಣಂದಿರ ಹೆಸರು ಮಾತ್ರ.

"ಇದೆಂತ ಅಣ್ಣ?"

"ನೀನು ಅಷ್ಟು ದೂರದಲ್ಲಿ ಇರುವುದಲ್ವಾ ಮಾರಾಯ್ತಿ, ಸುಮ್ಮನೆ ನಿನಗೆ ಯಾಕೆ ಉಪದ್ರ ಅಂತ."

ಉಪದ್ರ ತಪ್ಪಿಸಿದ ಬಗೆ ನೋಡಿ. ಅಪ್ಪ ತಾನೇ ದುಡಿದು ಕೊಂಡ ಜಾಗ, ಉಯಿಲು ಬರೆದಿರಲಿಲ್ಲ. ಅಂಥ ಜಾಗಕ್ಕೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿನ ವಾರಸುದಾರರೆಂದು ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಹೇಳಿದೆ. ಅಮ್ಮ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು ಭಾಗ, ಅಂದರೆ ಐವತ್ತು ಸೆಂಟ್ಸ್. ಕಾಯ್ದೆ ತಿದ್ದುವುದು ಪಾರ್ಲಿಮೆಂಟಿನ ಕೆಲಸ. ಅಣ್ಣಂದಿರು ಅಷ್ಟು ದೂರ ಹೋಗದೆ ವಂಶವೃಕ್ಷ ತಿದ್ದಿದರು. ನಾಡಕಚೇರಿಗೆ ಕೊಟ್ಟ ಅಫಿದವಿತ್ತಿನಲ್ಲಿ ಅಪ್ಪನಿಗೆ ಇಬ್ಬರೇ ಮಕ್ಕಳು. ಹೌದೆಂದು ಮಹಜರಿಗೆ ಸಹಿ ಹಾಕಿದ ನೆರೆಯವರು ಅವಳ ಮದುವೆಯಲ್ಲಿ ಹೋಳಿಗೆ ಉಂಡವರೇ. ಆ ಕಾಗದದ ಮೇಲೆ ಪೌತಿ ಖಾತೆ ಆಯಿತು. ಆಕ್ಷೇಪಣೆ ಇದ್ದರೆ ತಿಳಿಸಿ ಎಂಬ ನೋಟಿಸನ್ನು ಚಾವಡಿಯ ಗೋಡೆಗೆ ಅಂಟಿಸಿದ್ದರಂತೆ. ಮಸ್ಕತ್ತಿನಿಂದ ಆ ಗೋಡೆ ಕಾಣುವುದಿಲ್ಲ. ಅಮ್ಮ ತೋರಿಸಿದಲ್ಲಿ ಸಹಿ ಹಾಕಿದರು. ಕೊನೆಗೆ ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿ ರಿಜಿಸ್ಟ್ರಿ ಮಾಡಿಸಿದರು. ಉಪನೋಂದಣಾಧಿಕಾರಿ ನೋಡುವುದು ಬಂದವರ ಗುರುತು ಮತ್ತು ಛಾಪಾ ಶುಲ್ಕ. ಬಾರದವರನ್ನು ಹುಡುಕುವುದು ಅವರ ಕೆಲಸವಲ್ಲ.

ಇದು ನಡೆದದ್ದು ಅಳಿಯಸಂತಾನದ ಸೀಮೆಯಲ್ಲಿ ಎಂಬುದೇ ತಮಾಷೆ. ಇದೇ ಕುಟುಂಬದಲ್ಲಿ ಒಂದು ಕಾಲಕ್ಕೆ ಕವರು ಎಣಿಸುತ್ತಿದ್ದದ್ದು ಹೆಣ್ಣಿನಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಲೆಕ್ಕವೂ ಅದೇ. ಅಂದಿನ ಕ್ರಮದಲ್ಲಿ ಕುಟುಂಬದ ಆಸ್ತಿ ಮುಂದುವರಿಯುತ್ತಿದ್ದದ್ದು ತಂಗಿಯ ಸಂತಾನದಲ್ಲಿ. ಅಣ್ಣನ ಮಕ್ಕಳು ತಮ್ಮ ತಾಯಿಮನೆ ನೋಡಿಕೊಳ್ಳಬೇಕಿತ್ತು. ಹಳೆಯ ಕಟ್ಟುಕಟ್ಟಳೆಯ ಬಗ್ಗೆ ಕೋಲದ ದಿನ ಮೈಕ್ ಹಿಡಿದು ಮಾತಾಡುವ ದೊಡ್ಡಣ್ಣನಿಗೆ ಈ ಒಂದು ಕಟ್ಟಳೆ ಮಾತ್ರ ಮರೆತಿದೆ.

ಅವನ ಬತ್ತಳಿಕೆಯಲ್ಲಿ ಬೇರೆ ಬಾಣಗಳುಂಟು. "ಫಾರಿನ್ನಲ್ಲಿ ಇರುವವರಿಗೆ ಕೃಷಿ ಜಾಗ ಆಗುವುದಿಲ್ಲ" ಎಂದ. ಅನಿವಾಸಿಗಳು ಕೃಷಿಭೂಮಿ ಕೊಳ್ಳುವಂತಿಲ್ಲ, ನಿಜ. ವಾರಸಿನಿಂದ ಬಂದದ್ದಕ್ಕೆ ಅಡ್ಡಿಯಿಲ್ಲ. "ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವ ಹಾಗಿಲ್ಲ" ಎಂದ. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಕೇಳಬಾರದೆಂಬ 23ನೇ ಕಲಮು ಉತ್ತರಾಧಿಕಾರ ಕಾಯ್ದೆಯಲ್ಲೇ ಇತ್ತು. ಆಗಲೂ ಮದುವೆಯಾಗದವಳು, ಗಂಡ ಬಿಟ್ಟವಳು, ಬೇರೆಯಾದವಳು, ವಿಧವೆ ಬಂದು ಉಳಿಯಬಹುದಿತ್ತು. ಸುಖವಾಗಿ ಸಂಸಾರ ಮಾಡುವವಳಿಗೆ ಮಾತ್ರ ಜಾಗವಿರಲಿಲ್ಲ. 2005ರ ಸೆಪ್ಟೆಂಬರ್ 9ಕ್ಕೆ ಆ ಕಲಮು ಹೋಯಿತು. ಅಣ್ಣನಿಗೆ ಪೇಪರ್ ತಡವಾಗಿ ಬರುತ್ತದೆ.

ಕೊನೆಯ ಬಾಣ ಮಾತ್ರ ನಿಜಕ್ಕೂ ಚೂಪಿನದು: "ಕೋರ್ಟಿಗೆ ಹೋಗು, ನಿನ್ನ ಮೊಮ್ಮಕ್ಕಳಿಗೆ ತೀರ್ಪು ಸಿಕ್ಕೀತು." ಬೆಳಗಾವಿಯ ಫೂಲವತಿ ಪಿತ್ರಾರ್ಜಿತ ಆಸ್ತಿಗೆ ಪಾಲಿನ ದಾವೆ ಹೂಡಿದ್ದು 1992ರಲ್ಲಿ. ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2015ರಲ್ಲಿ, ಅದೂ 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲಿಲ್ಲವೆಂದು ಅವರಿಗೆ ವಿರುದ್ಧವಾಗಿ. ಆ ತರ್ಕವೇ ತಪ್ಪೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದ್ದು 2020ರ ಆಗಸ್ಟ್ 11ರಂದು. ಅಣ್ಣಂದಿರಿಗೆ ಕಾನೂನಿನ ಬಲ ಬೇಡ, ಕ್ಯಾಲೆಂಡರಿನ ಬಲ ಸಾಕು.

ಆದರೆ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ಅದು ಕಂದಾಯದ ಲೆಕ್ಕ ಅಷ್ಟೆ. ಅವಳು ಸಹಿ ಹಾಕದ ಪಾಲುಪಟ್ಟಿ ಅವಳ ಕಾಲು ಭಾಗವನ್ನು ಕಟ್ಟಿಹಾಕುವುದೂ ಇಲ್ಲ. ಇದು ಅಣ್ಣನಿಗೆ ಗೊತ್ತಾದದ್ದು ತಂಗಿಯಿಂದಲ್ಲ, ಬ್ಯಾಂಕಿನಿಂದ. ರಬ್ಬರ್ ಹಾಕಲು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಅಪ್ಪನ ಹಳೆಯ ರೇಷನ್ ಕಾರ್ಡ್ ತಿರುವಿ, "ಇಲ್ಲೊಂದು ಹುಡುಗಿ ಇದ್ದಾಳಲ್ಲ, ಅವಳ ಹಕ್ಕು ಖುಲಾಸೆ ಎಲ್ಲಿ?" ಎಂದು ಕೇಳಿ ಕಡತ ವಾಪಸು ಕಳಿಸಿದರು.

ತಂಗಿ ಹೊರಡುವ ಹಿಂದಿನ ದಿನ ದೊಡ್ಡಣ್ಣ ಕಾಗದ ಹಿಡಿದು ಬಂದ. "ಒಂದು ಸಣ್ಣ ಸಹಿ ತಂಗಿ, ನಾಳೆ ಬೆಳ್ತಂಗಡಿಗೆ ಹೋಗಿ ಬರುವ."

"ನಾನು ಹುಟ್ಟಲೇ ಇಲ್ಲ ಅಂತ ನೀನೇ ಬರೆದು ಕೊಟ್ಟಿದ್ದೀಯಲ್ಲ ಅಣ್ಣ, ಹುಟ್ಟದವಳ ಸಹಿ ನಡೆಯುತ್ತದಾ?" ಎಂದಳು. ಮರುದಿನ ಬೆಳ್ತಂಗಡಿಗೆ ಹೋಗಿದ್ದು ಹೌದು, ವಕೀಲರ ಆಫೀಸಿಗೆ.