ಸೊನ್ನೆಯೊಳಗಿನ ಮೂರು ರೂಪಾಯಿ

ಹೊಳೆನರಸೀಪುರದಲ್ಲಿ ನಮ್ಮಜ್ಜನಿಗೆ ಸಾಲ ಕೊಡುತ್ತಿದ್ದ ಸಾಹುಕಾರರಿಗೆ ಒಂದು ಮರ್ಯಾದೆ ಇತ್ತು. 'ಮೂರು ರೂಪಾಯಿ ಬಡ್ಡಿ' ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಅಂದರೆ ನೂರಕ್ಕೆ ತಿಂಗಳಿಗೆ ಮೂರು. ಮೊದಲ ತಿಂಗಳದ್ದನ್ನು ಕಣ್ಣೆದುರೇ ಮುರಿದುಕೊಂಡು ಮಿಕ್ಕದ್ದನ್ನು ಎಣಿಸಿ ಕೊಡುತ್ತಿದ್ದರು. ಅಜ್ಜ ದಾರಿಯುದ್ದಕ್ಕೂ ಅವರನ್ನು ಬೈಯುತ್ತ ಬರುತ್ತಿದ್ದರು. ಪಾಪ, ಬೈಯುವುದಕ್ಕಾದರೂ ಒಂದು ಲೆಕ್ಕ ಸಿಗುತ್ತಿತ್ತಲ್ಲ.

ಮೊನ್ನೆ ಅಕ್ಕನ ಮಗನ ಜೊತೆ ಹಾಸನದ ಒಂದು ಮೊಬೈಲ್ ಅಂಗಡಿಗೆ ಹೋದೆ. ಹುಡುಗ ಅರಕಲಗೂಡಿನವನು, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಫೋನಿಗೆ 18,000 ರೂಪಾಯಿ. ಅಂಗಡಿಯ ಮೂಲೆಯಲ್ಲೊಂದು ಪುಟ್ಟ ಮೇಜು, ಅದರ ಹಿಂದೆ ಫೈನಾನ್ಸ್ ಹುಡುಗ. "ನೋ ಕಾಸ್ಟ್ ಇಎಂಐ ಸಾರ್, ಒಂದ್ರುಪಾಯಿ ಬಡ್ಡಿ ಇಲ್ಲ" ಎಂದ. ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆಗೆಯುತ್ತದೆ. ಈ ಪವಾಡದ ಬಾಗಿಲು ದಿನಾ ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತದೆ, ಕ್ಯೂ ಕೂಡ ಇಲ್ಲ.

ಸ್ಕೀಮಿನ ಹೆಸರು 9/3. ಒಟ್ಟು ಒಂಬತ್ತು ಕಂತು, ತಿಂಗಳಿಗೆ 2,000. ಅದರಲ್ಲಿ ಮೂರು ಕಂತನ್ನು ಇವತ್ತೇ ಕಟ್ಟಬೇಕು. ಪ್ರೊಸೆಸಿಂಗ್ ಫೀ 600, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 108. ಅಲ್ಲಿಗೆ ಕೌಂಟರಿನಲ್ಲಿ ಎಣಿಸಬೇಕಾದದ್ದು 6,708. ಆಮೇಲೆ ಆರು ತಿಂಗಳು ಎರಡೆರಡು ಸಾವಿರ. ಒಟ್ಟು 18,708.

"ಏಳ್ನೂರೆಂಟು ತಾನೇ ಮಾವ, ಹೋಗ್ಲಿ ಬಿಡಿ" ಎಂದ ಅಳಿಯ. ಅವನು ಅದನ್ನು 18,000ಕ್ಕೆ ಹೋಲಿಸಿ ನೋಡುತ್ತಿದ್ದ. ಶೇಕಡಾ ನಾಲ್ಕೂ ಆಗುವುದಿಲ್ಲ. ಆದರೆ 18,000 ಸಾಲ ಕೊಟ್ಟವರು ಯಾರು? ಮೂರು ಕಂತು ಮೊದಲೇ ಕಟ್ಟಿದ ಮೇಲೆ ಸಾಲ ಉಳಿದದ್ದು 12,000. ಅದರಲ್ಲೂ 708 ಅವರ ಕೈಗೇ ವಾಪಸು ಹೋಯಿತು. ಹೀಗೆ 11,292 ಕೊಟ್ಟು ಆರು ತಿಂಗಳಲ್ಲಿ 12,000 ವಸೂಲಿ. ಅಸಲು ತಿಂಗಳಿಗೆ ಎರಡು ಸಾವಿರದಂತೆ ಕರಗುವುದರಿಂದ ಇದು ತಿಂಗಳಿಗೆ ನೂರಕ್ಕೆ ಒಂದೂ ಮುಕ್ಕಾಲು ರೂಪಾಯಿ ಬೀಳುತ್ತದೆ, ವರ್ಷಕ್ಕೆ ಸುಮಾರು ಶೇಕಡಾ 21.

ನಾನು ಅಂಗಡಿಯವರ ಕಡೆ ತಿರುಗಿ, "ಕ್ಯಾಶ್ ಕೊಟ್ರೆ ಎಷ್ಟು ಬಿಡ್ತೀರಿ?" ಎಂದೆ. ಐನೂರು, ಎಂದರು. ಅಲ್ಲಿಗೆ ಸೊನ್ನೆಯ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬಿತ್ತು. ಫೈನಾನ್ಸ್ ಕಂಪನಿ ಧರ್ಮಛತ್ರವಲ್ಲ. ಅದರ ಬಡ್ಡಿಯನ್ನು ಫೋನ್ ಕಂಪನಿಯೋ ಅಂಗಡಿಯೋ ತನ್ನ ಲಾಭದಿಂದ ತುಂಬಿಕೊಡುತ್ತದೆ. ನಗದು ಗಿರಾಕಿಗೆ ಬಿಡಬಹುದಾಗಿದ್ದ ದುಡ್ಡು ಕಂತಿನ ಗಿರಾಕಿಯ ಬಡ್ಡಿಗೆ ಸಂದಾಯವಾಗುತ್ತದೆ. ಫೋನಿನ ನಿಜವಾದ ಬೆಲೆ 17,500. ಕಂತಿನಲ್ಲಿ ಕೊಂಡರೆ ಹೆಚ್ಚಿಗೆ ಹೋಗುವುದು 708 ಅಲ್ಲ, 1,208. ಕೌಂಟರಿನಲ್ಲಿ 6,708 ಕೊಟ್ಟಾಗಿದೆ, ಹಾಗಾಗಿ ನಿಜವಾಗಿ ಸಿಕ್ಕ ಸಾಲ 10,792. ಅದಕ್ಕೆ ಆರು ತಿಂಗಳಲ್ಲಿ 12,000. ಮತ್ತೆ ಲೆಕ್ಕ ಹಾಕಿದೆ: ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಹನ್ನೆರಡು ಪೈಸೆ.

ಹೊಳೆನರಸೀಪುರದ ಸಾಹುಕಾರರು ಟೈ ಕಟ್ಟಿಕೊಂಡು ಬಂದು ಕೂತಂತಾಯಿತು. ಹನ್ನೆರಡು ಪೈಸೆ ಟೈಗಿರಬೇಕು.

ಸೊನ್ನೆ ಬಡ್ಡಿ ಎನ್ನುವ ವಸ್ತುವೇ ಲೋಕದಲ್ಲಿಲ್ಲ, ಬಡ್ಡಿ ಎಷ್ಟೋ ಸಲ ಪ್ರೊಸೆಸಿಂಗ್ ಫೀ ವೇಷದಲ್ಲಿ ಗಿರಾಕಿಯ ತಲೆಗೇ ಬರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬ್ಯಾಂಕುಗಳು ಓದಿಕೊಂಡವು. ಬೋರ್ಡಿನಲ್ಲಿ 'ಸೊನ್ನೆ ಬಡ್ಡಿ' ಹೋಗಿ 'ನೋ ಕಾಸ್ಟ್' ಬಂತು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಇನ್ನೊಂದು ಸೊಗಸಿದೆ: ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕೊಟ್ಟು, ಆಮೇಲೆ ಆ ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡುತ್ತಾರೆ; ಅದರ ಮೇಲಿನ ಶೇಕಡಾ 18 ಜಿಎಸ್‌ಟಿ ಮಾತ್ರ ಗಿರಾಕಿಯದ್ದು. ಇಲ್ಲದ ಬಡ್ಡಿಗೂ ಇರುವ ತೆರಿಗೆ.

ಕಾರ್ಡಿನ ಮಾತು ಬಿಟ್ಟರೆ, 2024ರ ಅಕ್ಟೋಬರ್ 1ರಿಂದ ಅಂಗಡಿಯ ಮೂಲೆಯ ಇಂಥ ಹೊಸ ಸಾಲಕ್ಕೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಲೇಬೇಕು. ಫೀ ಸೇರಿಸಿ ವರ್ಷದ ದರ ಎಷ್ಟು ಎಂದು 'ಎಪಿಆರ್' ಸಾಲಿನಲ್ಲಿ ಇರಬೇಕು. ನಾನು ಕೇಳಿದೆ. ಹುಡುಗ ಫೋನಿನಲ್ಲಿ ಸರ್ರನೆ ಜಾರಿಸಿ, "ಓಟಿಪಿ ಹೇಳಿ ಸಾರ್" ಎಂದ. ತಡೆದು ನೋಡಿದರೆ ಇಪ್ಪತ್ತೊಂದು ಅಲ್ಲೇ ಕೂತಿತ್ತು. ಬಿಡದೆ ಉಳಿಸಿಕೊಂಡ ಐನೂರು ಮಾತ್ರ ಯಾವ ಹಾಳೆಯಲ್ಲೂ ಬರುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಇಷ್ಟೆಲ್ಲ ಕಂತು ತಪ್ಪದೆ ಕಟ್ಟಿದವರ ಲೆಕ್ಕ. ಚನ್ನರಾಯಪಟ್ಟಣದ ನನ್ನ ಸ್ನೇಹಿತನ ಕೈಗೆ ದುಡ್ಡು ಬರುವುದು ಕೊಬ್ಬರಿ ಮಾರಿದಾಗ; ಕಂತು ಬರುವುದು ಐದನೇ ತಾರೀಖು. ತೆಂಗಿನಮರಕ್ಕೆ ತಾರೀಖು ಗೊತ್ತಿಲ್ಲ. ಒಂದು ತಿಂಗಳು ಖಾತೆಯಲ್ಲಿ ನೂರು ರೂಪಾಯಿ ಕಡಿಮೆ ಬಿತ್ತು. ಫೈನಾನ್ಸಿನವರು ಬೌನ್ಸ್ ಚಾರ್ಜ್ ಹಾಕಿದರು, ಬ್ಯಾಂಕಿನವರು ತಮ್ಮದೊಂದು ಬೇರೆ ಹಾಕಿದರು.

ಅಳಿಯ ಎಲ್ಲ ಕೇಳಿಸಿಕೊಂಡ. "ಹಂಗಾದ್ರೆ ಹೊಗೆಸೊಪ್ಪು ಹರಾಜಾಗೋವರ್ಗೂ ಕಾಯೋಣ ಮಾವ" ಎಂದ. ಬಾಗಿಲು ದಾಟುವಷ್ಟರಲ್ಲಿ ಫೈನಾನ್ಸ್ ಹುಡುಗ ಹಿಂದೆಯೇ ಓಡಿಬಂದ: "ಸಾರ್, ಫೀ ಬೇಕಾದ್ರೆ 300 ಮಾಡ್ಕೊಡ್ತೀನಿ."